ಹೊಸ ಲಾಂಛನ, ಅದೇ ಸೇವೆ: ಸಹಕಾರ ಬ್ಯಾಂಕಿನ ಅಧ್ಯಕ್ಷರು ಸದಸ್ಯರಿಗೆ ಪತ್ರ ಬರೆಯುವ ಕ್ರಮ

ಬ್ಯಾಂಕಿನ ನಾಮಫಲಕ ಬದಲಾಗುವುದನ್ನು ಕರ್ನಾಟಕದ ಜನ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಬ್ಯಾಂಕ್ ಮತ್ತು ಯೂನಿಯನ್ ಬ್ಯಾಂಕ್‌ಗಳಲ್ಲಿ ವಿಲೀನವಾದವು. ಆ ಸಂದರ್ಭಗಳಲ್ಲಿ ಫಲಕದ ಬೆನ್ನಿಗೇ ಐಎಫ್‌ಎಸ್‌ಸಿ ಸಂಕೇತ ಬದಲಾಯಿತು, ಹೊಸ ಚೆಕ್ ಪುಸ್ತಕ ಪಡೆಯಬೇಕಾಯಿತು. ಹೀಗಾಗಿ ಒಂದು ಪಟ್ಟಣ ಸಹಕಾರ ಬ್ಯಾಂಕು ಕೇವಲ ತನ್ನ ಲಾಂಛನವನ್ನು ಹೊಸದಾಗಿಸಿಕೊಂಡರೂ, ಬೆಳಿಗ್ಗೆ ಬಾಗಿಲಿಗೆ ಬಂದ ಸದಸ್ಯರು ಕೇಳುವ ಮೊದಲ ಪ್ರಶ್ನೆ ‘ನಮ್ಮ ಬ್ಯಾಂಕನ್ನು ಯಾರಾದರೂ ತೆಗೆದುಕೊಂಡರೇ’ ಎಂಬುದೇ ಆಗಿರುತ್ತದೆ. ಎರಡನೆಯದು, ‘ನನ್ನ ಹತ್ತಿರ ಇರುವ ಠೇವಣಿ ರಸೀದಿ ನಡೆಯುತ್ತದೆಯೇ’ ಎಂಬುದು.

ಅಧ್ಯಕ್ಷರ ಪತ್ರ ಈ ಎರಡು ಪ್ರಶ್ನೆಗಳಿಗೆ ಉತ್ತರವಾಗಬೇಕು. ಲಾಂಛನದ ವರ್ಣನೆಗೆ ಅದರಲ್ಲಿ ಎರಡು ವಾಕ್ಯಗಳು ಸಾಕು. ಉಳಿದ ಜಾಗವೆಲ್ಲ ಸದಸ್ಯರ ಕೈಯಲ್ಲಿರುವ ಕಾಗದಗಳಿಗೂ ಬ್ಯಾಂಕು ಕೊಟ್ಟ ಮಾತುಗಳಿಗೂ ಸಲ್ಲಬೇಕು. ಅಂಥ ಪತ್ರವನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ವಿವರಣೆಗೆ ಅನುಕೂಲವಾಗಲೆಂದು ಒಂದು ಬ್ಯಾಂಕನ್ನು ಕಲ್ಪಿಸಿಕೊಳ್ಳೋಣ. ಅದು ಬಾಗಲಕೋಟೆ ಜಿಲ್ಲೆಯ ನೇಕಾರರ ಪಟ್ಟಣವೊಂದರ ಸಹಕಾರ ಬ್ಯಾಂಕು, ಅದಕ್ಕೆ ನಾಲ್ಕು ಶಾಖೆಗಳಿವೆ. ಅದರ ಹಳೆಯ ಲಾಂಛನದಲ್ಲಿ ಕೈ ಕುಲುಕುವ ಎರಡು ಹಸ್ತಗಳು ಮತ್ತು ಒಂದು ದೀಪ ಇದ್ದವು. ಹೊಸದರಲ್ಲಿ ಮಗ್ಗದ ಲಾಳಿ ಇದೆ. ಈ ಬ್ಯಾಂಕಿನ ಉದಾಹರಣೆಯಲ್ಲಿ ಮುಂದೆ ಬರುವ ದಿನಾಂಕ, ಮೊತ್ತಗಳೂ ಕಲ್ಪಿತವೇ.

ಮೊದಲ ಹಂತ: ಬದಲಾಗಿದ್ದು ಲಾಂಛನ ಮಾತ್ರವೇ ಎಂದು ಖಚಿತಪಡಿಸಿಕೊಳ್ಳುವುದು

ಪತ್ರದ ಕರಡಿಗೆ ಕೈ ಹಾಕುವ ಮುನ್ನ ಆಡಳಿತ ಮಂಡಳಿಯ ಠರಾವನ್ನು ಎದುರಿಗಿಟ್ಟುಕೊಂಡು ಓದಬೇಕು. ಠರಾವಿನಲ್ಲಿ ಲಾಂಛನದ ಬದಲಾವಣೆ ಮಾತ್ರ ಇದೆಯೇ, ಹೆಸರಿನಲ್ಲಿ ಒಂದಕ್ಷರವಾದರೂ ಬದಲಾಗಿದೆಯೇ ಎಂದು ನೋಡಬೇಕು. ಹೆಸರು ಬದಲಾದರೆ ವಿಷಯವೇ ಬೇರೆಯಾಗುತ್ತದೆ: ಉಪವಿಧಿಯ ತಿದ್ದುಪಡಿ, ಸರ್ವ ಸದಸ್ಯರ ಸಭೆಯ ಒಪ್ಪಿಗೆ, ಸಹಕಾರ ಸಂಘಗಳ ನಿಬಂಧಕರ ನೋಂದಣಿ, ರಿಸರ್ವ್ ಬ್ಯಾಂಕಿನ ಅನುಮತಿ ಇವೆಲ್ಲ ಬೇಕಾಗುತ್ತವೆ, ಮತ್ತು ‘ಏನೂ ಬದಲಾಗಿಲ್ಲ’ ಎಂಬ ಧಾಟಿಯ ಪತ್ರ ಅಲ್ಲಿ ಸಲ್ಲದು. ಲಾಂಛನವೊಂದೇ ಬದಲಾಗಿದ್ದರೂ ಉಪವಿಧಿಗಳನ್ನು ಒಮ್ಮೆ ತಿರುವಿ ಹಾಕುವುದು ಒಳ್ಳೆಯದು. ಮೊಹರಿನ ಅಥವಾ ಚಿಹ್ನೆಯ ಸ್ವರೂಪವನ್ನು ಉಪವಿಧಿಯಲ್ಲೇ ಬರೆದುಕೊಂಡಿರುವ ಹಳೆಯ ಸಂಸ್ಥೆಗಳಲ್ಲಿ ಅದಕ್ಕೂ ತಿದ್ದುಪಡಿ ಬೇಕಾಗಬಹುದು.

ಹೊಸ ವಿನ್ಯಾಸದ ಕರಡಿನಲ್ಲಿ ಎರಡು ಅಂಶಗಳನ್ನು ಅಧ್ಯಕ್ಷರೇ ಪರೀಕ್ಷಿಸಬೇಕು. ವಿನ್ಯಾಸಕಾರರು ಅಂದಕ್ಕಾಗಿ ಹೆಸರನ್ನು ಮೊಟಕುಗೊಳಿಸಿ ‘ಸಹಕಾರ’ ಅಥವಾ ‘ನಿಯಮಿತ’ ಎಂಬ ಪದವನ್ನು ಬಿಟ್ಟುಬಿಡುವುದುಂಟು. ಚಿತ್ರದ ಪಕ್ಕದಲ್ಲಿ ಚಿಕ್ಕ ಹೆಸರಿದ್ದರೂ ಪತ್ರದ ತಲೆಬರಹದಲ್ಲಿ ನೋಂದಾಯಿತ ಪೂರ್ಣ ಹೆಸರು, ನೋಂದಣಿ ಸಂಖ್ಯೆ ಮತ್ತು ನೋಂದಾಯಿತ ಕಚೇರಿಯ ವಿಳಾಸ ಇರಲೇಬೇಕು. ಎರಡನೆಯದಾಗಿ, ವಾಣಿಜ್ಯ ಚಿಹ್ನೆಯಾಗಿ ನೋಂದಣಿ ಆಗುವವರೆಗೆ ಲಾಂಛನದ ಪಕ್ಕದಲ್ಲಿ ವೃತ್ತದೊಳಗಿನ ಆರ್ ಗುರುತನ್ನು ಹಾಕುವಂತಿಲ್ಲ. ನೋಂದಣಿಯಾಗದ ಚಿಹ್ನೆಯನ್ನು ನೋಂದಾಯಿತವೆಂದು ತೋರಿಸುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಅಪರಾಧ. ಹಾಗೆಯೇ ‘ರಿಸರ್ವ್ ಬ್ಯಾಂಕ್ ಅನುಮೋದಿತ ಹೊಸ ಲಾಂಛನ’ ಎಂಬ ಮಾತು ಪತ್ರದಲ್ಲಿ ನುಸುಳಬಾರದು. ಬ್ಯಾಂಕಿಂಗ್ ವ್ಯವಹಾರಕ್ಕೆ ಸಿಕ್ಕ ಪರವಾನಗಿಯನ್ನು ಚಿತ್ರಕ್ಕೆ ಸಿಕ್ಕ ಅನುಮೋದನೆಯಂತೆ ತೋರಿಸಿದರೆ ಸದಸ್ಯರಿಗೆ ತಪ್ಪು ತಿಳಿವಳಿಕೆ ಕೊಟ್ಟಂತಾಗುತ್ತದೆ.

ಎರಡನೆಯ ಹಂತ: ಸದಸ್ಯರ ಮನೆಯಲ್ಲಿರುವ ಕಾಗದಗಳ ಪಟ್ಟಿ

ಶಾಖಾ ವ್ಯವಸ್ಥಾಪಕರನ್ನು ಒಂದು ಮಧ್ಯಾಹ್ನ ಕೂಡಿಸಿ, ಹಳೆಯ ಲಾಂಛನ ಅಚ್ಚಾಗಿರುವ ಯಾವ ಯಾವ ವಸ್ತು ಸದಸ್ಯರ ಬಳಿ ಇದೆ ಎಂಬ ಪಟ್ಟಿಯನ್ನು ಬರೆಸಬೇಕು. ಮುದ್ರಣಾಲಯದ ಬಿಲ್ಲುಗಳನ್ನು ನೋಡಿದರೆ ಪಟ್ಟಿ ಪೂರ್ತಿಯಾಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಷೇರು ಪ್ರಮಾಣಪತ್ರ, ಉಳಿತಾಯ ಖಾತೆಯ ಪಾಸ್‌ಬುಕ್, ಮುದ್ದತು ಠೇವಣಿ ರಸೀದಿ, ಚೆಕ್ ಪುಸ್ತಕ, ಎಟಿಎಂ ಕಾರ್ಡು, ಪಿಗ್ಮಿ ಪುಸ್ತಕ, ಲಾಕರ್ ಒಪ್ಪಂದ ಮತ್ತು ಬಂಗಾರದ ಸಾಲದ ಚೀಟಿ ಇರುತ್ತವೆ. ಪ್ರತಿಯೊಂದರ ಎದುರಿಗೂ ‘ಹಾಗೆಯೇ ನಡೆಯುತ್ತದೆ’, ‘ಮುಗಿದ ಮೇಲೆ ಹೊಸದು ಬರುತ್ತದೆ’, ‘ಬದಲಾಯಿಸಿಕೊಳ್ಳಬೇಕು’ ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಬರೆಯಬೇಕು. ಲಾಂಛನ ಮಾತ್ರ ಬದಲಾದಾಗ ಮೂರನೆಯ ಉತ್ತರ ಒಂದು ಸಾಲಿಗೂ ಬರಬಾರದು. ಬಂದರೆ ಅದು ಏಕೆ ಬಂತೆಂದು ಮಂಡಳಿ ಮತ್ತೊಮ್ಮೆ ಯೋಚಿಸಬೇಕು, ಏಕೆಂದರೆ ಚಿತ್ರ ಬದಲಾಯಿತೆಂಬ ಕಾರಣಕ್ಕೆ ವಯಸ್ಸಾದ ಸದಸ್ಯರೊಬ್ಬರನ್ನು ಶಾಖೆಗೆ ನಡೆಸುವುದು ನ್ಯಾಯವಲ್ಲ.

ಈ ಪಟ್ಟಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಚೆಕ್ ವಿಷಯದಲ್ಲಿ. ಈಗ ಚಲಾವಣೆಯಲ್ಲಿರುವ ಸಿಟಿಎಸ್ 2010 ಮಾನದಂಡದ ಚೆಕ್ ಹಾಳೆಗಳಲ್ಲಿ ಬ್ಯಾಂಕಿನ ಲಾಂಛನ ಬರಿಗಣ್ಣಿಗೆ ಕಾಣದ ಶಾಯಿಯಲ್ಲೂ ಅಚ್ಚಾಗಿರುತ್ತದೆ. ನೇರಳಾತೀತ ದೀಪದಡಿ ಹಿಡಿದಾಗ ಮಾತ್ರ ಅದು ಹೊಳೆಯುತ್ತದೆ, ಮತ್ತು ಚೆಕ್ಕಿನ ಅಸಲಿತನವನ್ನು ನೋಡಿಕೊಳ್ಳುವ ಗುರುತುಗಳಲ್ಲಿ ಅದೂ ಒಂದು. ಆದ್ದರಿಂದ ಹೊಸ ಲಾಂಛನದ ಚೆಕ್ ಪುಸ್ತಕಗಳು ಬಂದ ಮೇಲೆ ಎರಡು ಬಗೆಯ ಹಾಳೆಗಳೂ ಜೊತೆಜೊತೆಯಾಗಿ ಓಡಾಡುತ್ತವೆ ಎಂಬುದನ್ನು ಕೌಂಟರಿನ ಸಿಬ್ಬಂದಿಗೆ ತಿಳಿಸಿರಬೇಕು. ಅನೇಕ ಪಟ್ಟಣ ಸಹಕಾರ ಬ್ಯಾಂಕುಗಳು ಪ್ರಾಯೋಜಕ ಬ್ಯಾಂಕೊಂದರ ಮೂಲಕ ಚೆಕ್ ತೀರುವಳಿಗೆ ಹೋಗುತ್ತವೆ. ಅಂಥವು ಆ ಬ್ಯಾಂಕಿಗೆ ಬದಲಾವಣೆಯ ದಿನಾಂಕವನ್ನು ಪತ್ರದ ಮೂಲಕ ತಿಳಿಸಿ, ಹಳೆಯ ಹಾಳೆಗಳಿಗೆ ಯಾವುದೇ ತೊಡಕಿಲ್ಲ ಎಂಬ ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ಆ ಉತ್ತರ ಕೈಗೆ ಬಂದ ಮೇಲೆಯೇ ‘ಹಳೆಯ ಚೆಕ್ ಹಾಳೆಗಳು ನಡೆಯುತ್ತವೆ’ ಎಂಬ ವಾಕ್ಯವನ್ನು ಸದಸ್ಯರಿಗೆ ಬರೆಯಬೇಕು.

ಇಲ್ಲೊಂದು ಗೊಂದಲ ಪದೇ ಪದೇ ಕಾಣಿಸಿಕೊಳ್ಳುತ್ತದೆ. ದಿನಾಂಕ ಬರೆದು ಕೊಟ್ಟ ಚೆಕ್ಕಿನ ಅವಧಿ ಆ ದಿನಾಂಕದಿಂದ ಮೂರು ತಿಂಗಳು. 2012ರ ಏಪ್ರಿಲ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಪತ್ರದಲ್ಲಿ ‘ಹಳೆಯ ಚೆಕ್‌ಗಳು ಮೂರು ತಿಂಗಳು ನಡೆಯುತ್ತವೆ’ ಎಂದು ಬರೆದರೆ, ಮನೆಯಲ್ಲಿರುವ ಖಾಲಿ ಹಾಳೆಗಳೂ ಮೂರು ತಿಂಗಳ ನಂತರ ರದ್ದಾಗುತ್ತವೆ ಎಂದು ಓದುಗರು ತಿಳಿಯುತ್ತಾರೆ. ಸಾಲದ ಕಂತಿಗಾಗಿ ಮುಂದಿನ ದಿನಾಂಕ ಹಾಕಿ ಚೆಕ್ ಕೊಟ್ಟವರಂತೂ ಗಾಬರಿಯಾಗುತ್ತಾರೆ. ಖಾಲಿ ಹಾಳೆ ಮುಗಿಯುವವರೆಗೂ ಬಳಸಬಹುದು ಎಂದು ಸ್ಪಷ್ಟವಾಗಿ ಬರೆಯುವುದೇ ಇದಕ್ಕೆ ಪರಿಹಾರ. ಮೂರು ತಿಂಗಳ ನಿಯಮವನ್ನು ಈ ಪತ್ರದಲ್ಲಿ ಎತ್ತುವ ಅಗತ್ಯವೇ ಇಲ್ಲ.

ಬಂಗಾರದ ಸಾಲದ ಚೀಟಿಯನ್ನು ಪತ್ರದಲ್ಲಿ ಹೆಸರಿಸಿಯೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ‘ಎಲ್ಲ ದಾಖಲೆಗಳು ಊರ್ಜಿತವಾಗಿವೆ’ ಎಂಬ ಸಾಮಾನ್ಯ ವಾಕ್ಯವನ್ನು ಓದಿದ ಮೇಲೂ, ಒಡವೆ ಒತ್ತೆ ಇಟ್ಟ ಮನೆಯವರಿಗೆ ತಮ್ಮ ಕೈಯಲ್ಲಿರುವ ಸಣ್ಣ ಚೀಟಿ ಆ ‘ಎಲ್ಲ’ದೊಳಗೆ ಸೇರಿದೆಯೋ ಇಲ್ಲವೋ ಎಂಬ ಅಳುಕು ಉಳಿಯುತ್ತದೆ.

ಮೂರನೆಯ ಹಂತ: ಕೊಟ್ಟ ಮಾತುಗಳನ್ನು ಸೋಸುವುದು

‘ನಮ್ಮ ಸೇವೆ ಎಂದಿನಂತೆಯೇ ಮುಂದುವರಿಯಲಿದೆ’ ಎಂಬ ವಾಕ್ಯ ಬರೆಯುವುದು ಸುಲಭ, ಆದರೆ ಅದರಿಂದ ಸದಸ್ಯರಿಗೆ ತಿಳಿಯುವುದು ಏನೂ ಇಲ್ಲ. ‘ಎಂದಿನಂತೆ’ ಎಂದರೆ ಯಾವುದು ಎಂದು ಹೇಳಿದಾಗ ಮಾತ್ರ ಅದು ವಾಗ್ದಾನವಾಗುತ್ತದೆ. ಇದಕ್ಕಾಗಿ ಬ್ಯಾಂಕಿನ ನಾಗರಿಕ ಸನ್ನದು, ಹಿಂದಿನ ವಾರ್ಷಿಕ ವರದಿಗಳು ಮತ್ತು ಶಾಖೆಗಳ ಸೂಚನಾ ಫಲಕಗಳಿಂದ ಸೇವೆಯ ಮಾತುಗಳನ್ನು ಒಂದು ಹಾಳೆಗೆ ಇಳಿಸಿಕೊಂಡು, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಬೇಕು: ಇದು ಎಲ್ಲಿ ಬರೆದಿದೆ, ಇದನ್ನು ಈಗ ಪಾಲಿಸುತ್ತಿದ್ದೇವೆಯೇ, ಇದನ್ನು ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆ.

ನಮ್ಮ ಉದಾಹರಣೆಯ ಬ್ಯಾಂಕು ಪಿಗ್ಮಿ ಸಂಗ್ರಹವನ್ನು ಪ್ರತಿದಿನ ಅಂಗಡಿ ಬಾಗಿಲಿಗೇ ಬಂದು ಮಾಡುವುದಾಗಿ ಹೇಳಿಕೊಂಡಿದೆ. ಆದರೆ ಪೇಟೆ ಶಾಖೆಯ ಒಬ್ಬ ಸಂಗ್ರಾಹಕರು ಕೆಲಸ ಬಿಟ್ಟ ಮೇಲೆ ಆ ಓಣಿಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಸಂಗ್ರಹ ನಡೆಯುತ್ತಿದೆ ಎಂದುಕೊಳ್ಳೋಣ. ಹೀಗಿರುವಾಗ ‘ದೈನಂದಿನ ಸಂಗ್ರಹ ಬದಲಾಗುವುದಿಲ್ಲ’ ಎಂದು ಅಧ್ಯಕ್ಷರು ಸಹಿ ಹಾಕಿ ಕಳುಹಿಸಿದರೆ, ಆ ಓಣಿಯ ಅಂಗಡಿಯವರು ಪತ್ರದ ಉಳಿದ ಮಾತುಗಳನ್ನೂ ನಂಬುವುದಿಲ್ಲ. ಮೊದಲು ಹೊಸ ಸಂಗ್ರಾಹಕರನ್ನು ನೇಮಿಸಬೇಕು. ಸಾಧ್ಯವಾಗದಿದ್ದರೆ ಆ ಓಣಿಗೆ ಯಾವ ದಿನದಿಂದ ಸಂಗ್ರಹ ಪುನಃ ಆರಂಭವಾಗುತ್ತದೆ ಎಂಬುದನ್ನು ಪತ್ರದಲ್ಲೇ ಬರೆಯಬೇಕು.

ಬಡ್ಡಿಯ ವಿಷಯದಲ್ಲಿ ವಾಕ್ಯ ಎರಡಾಗಿ ಒಡೆಯಬೇಕು. ಈಗಾಗಲೇ ಇಟ್ಟಿರುವ ಮುದ್ದತು ಠೇವಣಿಗೆ ರಸೀದಿಯಲ್ಲಿ ನಮೂದಾದ ದರ ಅವಧಿ ಮುಗಿಯುವವರೆಗೂ ದೊರೆಯುತ್ತದೆ ಎಂದು ನಿಶ್ಚಿಂತೆಯಿಂದ ಬರೆಯಬಹುದು, ಏಕೆಂದರೆ ಅದು ಆಗಲೇ ಆದ ಒಪ್ಪಂದ. ಹೊಸ ಠೇವಣಿಗಳ ದರ ಮಾತ್ರ ಮಂಡಳಿ ಕಾಲಕಾಲಕ್ಕೆ ನಿರ್ಧರಿಸುವಂಥದ್ದು. ‘ಬಡ್ಡಿದರ ಬದಲಾಗುವುದಿಲ್ಲ’ ಎಂದು ಒಟ್ಟಾಗಿ ಬರೆದು, ಮುಂದಿನ ತ್ರೈಮಾಸಿಕದಲ್ಲಿ ದರ ಇಳಿಸಬೇಕಾಗಿ ಬಂದರೆ, ಇದೇ ಪತ್ರವನ್ನು ಹಿಡಿದು ಸದಸ್ಯರು ಮಹಾಸಭೆಯಲ್ಲಿ ಎದ್ದು ನಿಲ್ಲುತ್ತಾರೆ, ಮತ್ತು ಅವರು ನಿಲ್ಲುವುದು ಸರಿಯೇ.

ಇನ್ನು ಕೆಲವು ಮಾತುಗಳು ಬ್ಯಾಂಕಿನ ಔದಾರ್ಯವಲ್ಲ, ನಿಯಮದ ಕಟ್ಟಳೆ. ಠೇವಣಿದಾರರು ತೀರಿಕೊಂಡಾಗ ನಾಮನಿರ್ದೇಶಿತರು ಅಗತ್ಯ ದಾಖಲೆಗಳೊಂದಿಗೆ ಕೋರಿಕೆ ಸಲ್ಲಿಸಿದ 15 ದಿನಗಳೊಳಗೆ ಹಣ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶನ. ಅದನ್ನು ಪತ್ರದಲ್ಲಿ ನೆನಪಿಸುವುದು ಸದಸ್ಯರಿಗೆ ಉಪಯುಕ್ತ, ಆದರೆ ‘ನಾವು ನೀಡುತ್ತಿರುವ ವಿಶೇಷ ಸೌಲಭ್ಯ’ ಎಂಬ ಧಾಟಿ ಬೇಡ. ಠೇವಣಿ ವಿಮೆಯ ಬಗ್ಗೆಯೂ ಇದೇ ಎಚ್ಚರ ಬೇಕು. 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಮತ್ತು ಬಡ್ಡಿ ಸೇರಿ ₹5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ನಾಲ್ಕು ಶಾಖೆಗಳಲ್ಲಿ ಒಂದೇ ಹೆಸರಿನಲ್ಲಿ ನಾಲ್ಕು ಠೇವಣಿ ಇದ್ದರೂ ಲೆಕ್ಕ ಒಟ್ಟಿಗೇ ಹಿಡಿಯುತ್ತಾರೆ. ಷೇರು ಹಣಕ್ಕೆ ಈ ವಿಮೆ ಅನ್ವಯಿಸುವುದಿಲ್ಲ. ಪತ್ರ ಷೇರುದಾರ ಸದಸ್ಯರಿಗೆ ಹೋಗುವುದರಿಂದ ‘ನಿಮ್ಮ ಹಣ ಸಂಪೂರ್ಣ ಸುರಕ್ಷಿತ’ ಎಂಬ ಮಾತು ಅರ್ಧ ಸತ್ಯವಾಗುತ್ತದೆ, ಅದನ್ನು ಬರೆಯಲೇಬಾರದು.

ಕೊನೆಯದಾಗಿ ಶುಲ್ಕಗಳನ್ನು ನೋಡಬೇಕು. ಹೊಸ ಲಾಂಛನ ಜುಲೈ 1ರಿಂದ, ಲಾಕರ್ ಬಾಡಿಗೆಯ ಏರಿಕೆಯೂ ಜುಲೈ 1ರಿಂದ ಎಂದಾದರೆ, ಏರಿಕೆಯನ್ನು ಈ ಪತ್ರದಲ್ಲೇ ನೇರವಾಗಿ ಹೇಳಬೇಕು. ಬಾಡಿಗೆಯ ಸುದ್ದಿಯನ್ನು ಬೇರೊಂದು ಸೂಚನೆಗೆ ತಳ್ಳಿ ಇಲ್ಲಿ ‘ಏನೂ ಬದಲಾಗಿಲ್ಲ’ ಎಂದರೆ, ಲಾಕರ್ ಇಟ್ಟುಕೊಂಡವರ ಕಣ್ಣಿಗೆ ಅದು ಮರೆಮಾಚಿದಂತೆಯೇ ಕಾಣುತ್ತದೆ.

ನಾಲ್ಕನೆಯ ಹಂತ: ಪತ್ರದ ರಚನೆ

ಪತ್ರ ಒಂದು ಪುಟದಲ್ಲಿ, ಹೆಚ್ಚೆಂದರೆ ಹಾಳೆಯ ಎರಡು ಮಗ್ಗುಲಲ್ಲಿ ಮುಗಿಯಬೇಕು. ಸಹಕಾರಿಗಳಾದ ನಮಗೆ ಇಂಥ ಪತ್ರಗಳನ್ನು ಚಳವಳಿಯ ಇತಿಹಾಸದಿಂದ ಆರಂಭಿಸುವ ಅಭ್ಯಾಸವಿದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದ ನೆನಪು ನಮಗೆ ಹೆಮ್ಮೆಯದೇ. ಆದರೆ ಅದಕ್ಕೆ ವಾರ್ಷಿಕ ವರದಿಯಲ್ಲಿ ಸ್ಥಳವಿದೆ. ಗಾಬರಿಯಲ್ಲಿರುವ ಓದುಗರು ಮೂರನೆಯ ಪ್ಯಾರಾದವರೆಗೆ ಕಾಯುವುದಿಲ್ಲ. ಮೊದಲ ವಾಕ್ಯದಲ್ಲಿ ಏನು ಬದಲಾಯಿತು, ಎರಡನೆಯದರಲ್ಲಿ ಏನು ಹಾಗೆಯೇ ಇರುತ್ತದೆ, ಮೂರನೆಯದರಲ್ಲಿ ವಿಲೀನವಿಲ್ಲ, ನಾಲ್ಕನೆಯದರಲ್ಲಿ ನೀವು ಏನೂ ಮಾಡಬೇಕಿಲ್ಲ ಎಂಬುದು ಬಂದುಬಿಡಬೇಕು. ಆಮೇಲೆ ಕಾರಣ, ಕಾಗದಗಳು, ಸೇವೆಯ ಮಾತುಗಳು, ಖರ್ಚು, ಎಚ್ಚರಿಕೆ, ದೂರಿನ ದಾರಿ ಈ ಕ್ರಮದಲ್ಲಿ ಬರಲಿ. ನಮ್ಮ ಉದಾಹರಣೆಯ ಬ್ಯಾಂಕಿನ ಪತ್ರ ಹೀಗಿರಬಹುದು:

> ಜಾವಕ ಸಂಖ್ಯೆ: ……… ದಿನಾಂಕ: ಜೂನ್ 5
>
> ವಿಷಯ: ಬ್ಯಾಂಕಿನ ಹೊಸ ಲಾಂಛನ ಮತ್ತು ಮುಂದುವರಿಯುವ ಸೇವೆಗಳ ಕುರಿತು
>
> ಮಾನ್ಯ ಸದಸ್ಯ ಬಾಂಧವರೇ,
>
> ಜುಲೈ 1ರಿಂದ ನಮ್ಮ ಬ್ಯಾಂಕು ಹೊಸ ಲಾಂಛನವನ್ನು ಬಳಸಲಿದೆ. ಬ್ಯಾಂಕಿನ ಹೆಸರು, ನೋಂದಣಿ, ಆಡಳಿತ ಮಂಡಳಿ ಮತ್ತು ಶಾಖೆಗಳು ಈಗಿರುವಂತೆಯೇ ಇರುತ್ತವೆ. ಬ್ಯಾಂಕು ಬೇರಾವ ಬ್ಯಾಂಕಿನಲ್ಲಿಯೂ ವಿಲೀನವಾಗುತ್ತಿಲ್ಲ. ಈ ಬದಲಾವಣೆಗಾಗಿ ತಾವು ಶಾಖೆಗೆ ಬರುವ, ಅರ್ಜಿ ತುಂಬುವ ಅಥವಾ ಹಣ ಕಟ್ಟುವ ಅಗತ್ಯವಿಲ್ಲ.
>
> ಹಳೆಯ ಲಾಂಛನದ ಸೂಕ್ಷ್ಮ ಗೆರೆಗಳು ಪಾಸ್‌ಬುಕ್ಕಿನ ಚಿಕ್ಕ ಅಳತೆಯಲ್ಲಿಯೂ ಮೊಬೈಲ್ ಪರದೆಯಲ್ಲಿಯೂ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಆದ್ದರಿಂದ ನಮ್ಮ ಸದಸ್ಯರಲ್ಲಿ ಬಹುಪಾಲು ಜನರ ಕಸುಬಾದ ನೇಯ್ಗೆಯನ್ನು ನೆನಪಿಸುವ ಲಾಳಿಯ ಚಿತ್ರವನ್ನು ಆಡಳಿತ ಮಂಡಳಿಯು ತನ್ನ ಠರಾವಿನ ಮೂಲಕ ಅಂಗೀಕರಿಸಿದೆ.
>
> ತಮ್ಮ ಬಳಿ ಇರುವ ಷೇರು ಪ್ರಮಾಣಪತ್ರ, ಮುದ್ದತು ಠೇವಣಿ ರಸೀದಿ, ಲಾಕರ್ ಒಪ್ಪಂದ ಮತ್ತು ಬಂಗಾರದ ಸಾಲದ ಚೀಟಿಗಳು ಹಳೆಯ ಲಾಂಛನದೊಂದಿಗೇ ಪೂರ್ಣವಾಗಿ ಊರ್ಜಿತವಾಗಿರುತ್ತವೆ. ಪಾಸ್‌ಬುಕ್, ಪಿಗ್ಮಿ ಪುಸ್ತಕ ಮತ್ತು ಚೆಕ್ ಹಾಳೆಗಳನ್ನು ಮುಗಿಯುವವರೆಗೆ, ಎಟಿಎಂ ಕಾರ್ಡನ್ನು ಅದರ ಮೇಲೆ ನಮೂದಾದ ಅವಧಿಯವರೆಗೆ ಬಳಸಬಹುದು. ನಂತರ ಹೊಸ ಲಾಂಛನದವು ದೊರೆಯುತ್ತವೆ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಂಕೇತ ಬದಲಾಗುವುದಿಲ್ಲ.
>
> ಶಾಖೆಗಳ ವ್ಯವಹಾರದ ವೇಳೆ ಈಗಿನಂತೆಯೇ ಇರುತ್ತದೆ. ಇಟ್ಟಿರುವ ಠೇವಣಿಗಳಿಗೆ ರಸೀದಿಯಲ್ಲಿ ನಮೂದಾದ ಬಡ್ಡಿದರವು ಅವಧಿ ಮುಗಿಯುವವರೆಗೆ ದೊರೆಯುತ್ತದೆ. ಪಿಗ್ಮಿ ಸಂಗ್ರಹವು ಪ್ರತಿದಿನ ನಡೆಯುತ್ತದೆ. ಪೇಟೆ ಶಾಖೆಯ ವ್ಯಾಪ್ತಿಯಲ್ಲಿ ನಿಂತಿದ್ದ ದೈನಂದಿನ ಸಂಗ್ರಹವು ಜೂನ್ 20ರಿಂದ ಪುನಃ ಆರಂಭವಾಗಲಿದೆ. ಲಾಕರ್ ಬಾಡಿಗೆಯ ಪರಿಷ್ಕರಣೆಯನ್ನು ಮಂಡಳಿಯು ಪ್ರತ್ಯೇಕವಾಗಿ ನಿರ್ಧರಿಸಿದ್ದು, ಅದು ಜುಲೈ 1ರಿಂದಲೇ ಜಾರಿಗೆ ಬರುತ್ತದೆ. ಹೊಸ ದರಪಟ್ಟಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದೆ.
>
> ವಿನ್ಯಾಸ ಮತ್ತು ನಾಮಫಲಕಗಳಿಗಾಗಿ ಮಂಡಳಿಯು ₹3,40,000 ಮಂಜೂರು ಮಾಡಿದೆ. ಅಚ್ಚಾಗಿರುವ ಹಳೆಯ ನಮೂನೆಗಳನ್ನು ಮುಗಿಯುವವರೆಗೆ ಬಳಸಲಾಗುವುದು.
>
> ಲಾಂಛನ ಬದಲಾದ ಕಾರಣಕ್ಕಾಗಿ ಬ್ಯಾಂಕು ತಮ್ಮಿಂದ ಒಟಿಪಿ, ಪಿನ್ ಅಥವಾ ಕೆವೈಸಿ ದಾಖಲೆಯನ್ನು ದೂರವಾಣಿಯಲ್ಲಾಗಲಿ ಸಂದೇಶದ ಮೂಲಕವಾಗಲಿ ಕೇಳುವುದಿಲ್ಲ. ಅಂಥ ಕರೆ ಬಂದರೆ ಉತ್ತರಿಸದೆ ತಮ್ಮ ಶಾಖೆಗೆ ತಿಳಿಸಬೇಕಾಗಿ ವಿನಂತಿ.
>
> ಸೇವೆಯಲ್ಲಿ ಲೋಪ ಕಂಡುಬಂದರೆ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಿರಿ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ cms.rbi.org.in ಜಾಲತಾಣದಲ್ಲಿ ದೂರು ಸಲ್ಲಿಸಬಹುದು.
>
> ತಮ್ಮ ವಿಶ್ವಾಸಿ,
> (ಸಹಿ)
> ಅಧ್ಯಕ್ಷರು, ಆಡಳಿತ ಮಂಡಳಿಯ ಪರವಾಗಿ

ಈ ಕರಡಿನ ಕೆಲವು ಸ್ಥಳಗಳಿಗೆ ವಿವರಣೆ ಬೇಕು. ಖರ್ಚಿನ ಮೊತ್ತವನ್ನು ಬರೆಯಲು ಅನೇಕ ಮಂಡಳಿಗಳು ಹಿಂಜರಿಯುತ್ತವೆ. ಸಹಕಾರ ಬ್ಯಾಂಕಿನ ಒಡೆಯರು ಸದಸ್ಯರೇ ಆಗಿರುವುದರಿಂದ ಅವರ ಹಣದ ಲೆಕ್ಕ ಅವರಿಗೆ ತಿಳಿಯಬೇಕಾದದ್ದು ಸಹಜ. ಕರ್ನಾಟಕದಲ್ಲಿ ವಾರ್ಷಿಕ ಸರ್ವ ಸದಸ್ಯರ ಸಭೆಯನ್ನು ಸೆಪ್ಟೆಂಬರ್ 25ರೊಳಗೆ ನಡೆಸಬೇಕಾಗಿರುವುದರಿಂದ ಈ ಪ್ರಶ್ನೆ ಹೇಗೂ ಕೆಲವೇ ತಿಂಗಳುಗಳಲ್ಲಿ ಸಭೆಯಲ್ಲಿ ಏಳುತ್ತದೆ. ಮೊದಲೇ ಬರೆದರೆ ಸಂಶಯಕ್ಕೆ ಎಡೆ ಇರುವುದಿಲ್ಲ.

ಒಂಬುಡ್ಸ್‌ಮನ್ ಕುರಿತ ಸಾಲನ್ನು ಎಲ್ಲ ಬ್ಯಾಂಕುಗಳೂ ಹಾಗೆಯೇ ನಕಲು ಮಾಡಿಕೊಳ್ಳಬಾರದು. 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲಿ, ಷೆಡ್ಯೂಲ್ಡ್ ಅಲ್ಲದ ಪಟ್ಟಣ ಸಹಕಾರ ಬ್ಯಾಂಕುಗಳ ಪೈಕಿ ₹50 ಕೋಟಿ ಮತ್ತು ಅದಕ್ಕೂ ಹೆಚ್ಚು ಠೇವಣಿ ಇರುವವನ್ನು ಸೇರಿಸಲಾಗಿತ್ತು. ತಮ್ಮ ಬ್ಯಾಂಕು ಈಗ ಯೋಜನೆಯ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಪತ್ರ ಬರೆಯುವ ಹೊತ್ತಿನ ನಿಯಮದ ಪ್ರಕಾರ ನೋಡಿಕೊಂಡು, ಇಲ್ಲವಾದರೆ ಸಂಬಂಧಪಟ್ಟ ಬೇರೆ ದೂರು ವ್ಯವಸ್ಥೆಯನ್ನು ಬರೆಯಬೇಕು.

ಅಧ್ಯಕ್ಷರ ಭಾವಚಿತ್ರ ಈ ಪತ್ರದಲ್ಲಿ ಬೇಡ. ಮಂಡಳಿಯ ಚುನಾವಣೆ ಹತ್ತಿರವಿದ್ದರಂತೂ ಬ್ಯಾಂಕಿನ ಖರ್ಚಿನಲ್ಲಿ ಪ್ರಚಾರ ನಡೆಸಿದಂತೆ ಕಾಣುತ್ತದೆ. ಚುನಾವಣೆಯ ವೇಳಾಪಟ್ಟಿ ಪ್ರಕಟವಾಗಿದ್ದರೆ ಲಾಂಛನದ ಬಿಡುಗಡೆಯನ್ನೇ ಮುಂದೂಡುವುದು ಲೇಸು. ಸಹಿಯ ಕೆಳಗೆ ‘ಆಡಳಿತ ಮಂಡಳಿಯ ಪರವಾಗಿ’ ಎಂದು ಬರೆಯುವುದೂ ಇದೇ ಕಾರಣಕ್ಕೆ: ಮಾತು ಕೊಟ್ಟಿರುವುದು ಬ್ಯಾಂಕು, ಅಧ್ಯಕ್ಷರು ಬದಲಾದರೂ ಆ ಮಾತು ಉಳಿಯಬೇಕು.

ಐದನೆಯ ಹಂತ: ಅಚ್ಚಿಗೆ ಮುನ್ನ

ಕರಡನ್ನು ಒಬ್ಬ ಪಿಗ್ಮಿ ಸಂಗ್ರಾಹಕರಿಗೂ, ಮಂಡಳಿಗೆ ಸಂಬಂಧವಿಲ್ಲದ ಹಿರಿಯ ಸದಸ್ಯರೊಬ್ಬರಿಗೂ ಗಟ್ಟಿಯಾಗಿ ಓದಿ ಹೇಳಬೇಕು. ಓದಿ ಮುಗಿಸಿದ ಮೇಲೆ ‘ಹಾಗಾದರೆ ನನ್ನ ಪಾಸ್‌ಬುಕ್ ಬದಲಾಯಿಸಬೇಕಾ’ ಎಂದು ಅವರು ಕೇಳಿದರೆ ಕಾಗದಗಳ ಪ್ಯಾರಾವನ್ನು ತಿದ್ದಬೇಕು. ‘ಬಡ್ಡಿ ಇಳಿಯೋದಿಲ್ಲ ಅಂತ ಆಯಿತು’ ಎಂದು ಅವರು ಅರ್ಥ ಮಾಡಿಕೊಂಡರೆ ಬಡ್ಡಿಯ ವಾಕ್ಯ ಇನ್ನೂ ಸ್ಪಷ್ಟವಾಗಿಲ್ಲ ಎಂದೇ ತಿಳಿಯಬೇಕು.

ಅಕ್ಷರದ ತೊಂದರೆಯೂ ಇಲ್ಲಿಯೇ ಹಿಡಿಯಬೇಕಾದದ್ದು. ಕಚೇರಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತ ಮುದ್ರಣಾಲಯದ ಗಣಕದಲ್ಲಿ ಯೂನಿಕೋಡ್‌ಗೆ ಬದಲಾಗುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಚದುರುವುದುಂಟು. ‘ಊರ್ಜಿತ’, ‘ನಿರ್ಧಾರ’ ಮುಂತಾದ ಪದಗಳನ್ನು ಕರಡಚ್ಚಿನಲ್ಲಿ ಬೊಟ್ಟಿಟ್ಟು ನೋಡಬೇಕು. ಅದಕ್ಕಿಂತ ಮುಖ್ಯವಾಗಿ ದಿನಾಂಕ, ಮೊತ್ತ ಮತ್ತು ಜಾಲತಾಣದ ವಿಳಾಸಗಳನ್ನು ಠರಾವಿನ ಪ್ರತಿಯೊಂದಿಗೆ ಇಬ್ಬರು ಕೂತು ತಾಳೆ ನೋಡಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳ ಜಾಲತಾಣಗಳು ಈಗ .bank.in ಎಂದು ಕೊನೆಗೊಳ್ಳುವ ವಿಳಾಸಕ್ಕೆ ಹೋಗಿರುವುದರಿಂದ, ಹಳೆಯ ತಲೆಬರಹದಿಂದ ಹಳೆಯ ವಿಳಾಸವೇ ನಕಲಾಗಿ ಬಂದಿದೆಯೇ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಆರನೆಯ ಹಂತ: ಕಳುಹಿಸುವುದು ಮತ್ತು ಅನಂತರ

ಪತ್ರ ಮೊದಲು ತಲುಪಬೇಕು, ಫಲಕ ಆಮೇಲೆ ಬದಲಾಗಬೇಕು. ಜುಲೈ 1ಕ್ಕೆ ಫಲಕ ಏರುವುದಾದರೆ ಜೂನ್ ಮೊದಲ ವಾರದಲ್ಲಿ ಪತ್ರ ಅಂಚೆಗೆ ಬೀಳಬೇಕು. ಅದಕ್ಕೂ ಒಂದೆರಡು ದಿನ ಮುಂಚೆ ಶಾಖೆಯ ಸಿಬ್ಬಂದಿಗೆ, ಪಿಗ್ಮಿ ಸಂಗ್ರಾಹಕರಿಗೆ ಅದನ್ನು ಓದಿಸಿರಬೇಕು. ಸಂಗ್ರಾಹಕರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗುವವರಾದ್ದರಿಂದ ಅಂಚೆ ತಲುಪದ ಸದಸ್ಯರಿಗೆ ಅವರ ಮೂಲಕ ಪ್ರತಿ ಕೊಡಿಸಬಹುದು. ಅವರ ಗುರುತಿನ ಚೀಟಿಯನ್ನು ಮಾತ್ರ ಎಲ್ಲಕ್ಕಿಂತ ಮೊದಲು, ಒಂದೇ ದಿನ, ಎಲ್ಲರಿಗೂ ಬದಲಾಯಿಸಬೇಕು. ಇಬ್ಬರು ಹಳೆಯ ಚೀಟಿಯಲ್ಲಿ, ಇಬ್ಬರು ಹೊಸ ಚೀಟಿಯಲ್ಲಿ ಓಡಾಡುತ್ತಿದ್ದರೆ ಸುಳ್ಳು ಚೀಟಿ ಹಿಡಿದು ಬಂದ ಮೂರನೆಯವನನ್ನು ಗುರುತಿಸುವುದು ಸದಸ್ಯರಿಗೆ ಕಷ್ಟವಾಗುತ್ತದೆ.

ವಾಟ್ಸ್ಆ್ಯಪ್ ಅಥವಾ ಎಸ್ಎಂಎಸ್ ಮೂಲಕ ಕಳುಹಿಸುವ ಕಿರು ಸಂದೇಶದಲ್ಲಿ ಒತ್ತುವ ಕೊಂಡಿಯನ್ನೂ ಕ್ಯೂಆರ್ ಚಿತ್ರವನ್ನೂ ಹಾಕಬಾರದು. ‘ಲಾಂಛನ ಬದಲಾಗಿದೆ, ನಿಮ್ಮ ಖಾತೆ ನವೀಕರಿಸಲು ಇಲ್ಲಿ ಒತ್ತಿ’ ಎಂಬ ವಂಚನೆಯ ಸಂದೇಶ ಬರುವ ಸಂಭವ ಇಂಥ ಹೊತ್ತಿನಲ್ಲೇ ಹೆಚ್ಚು. ಬ್ಯಾಂಕಿನ ನಿಜವಾದ ಸಂದೇಶದಲ್ಲಿ ಕೊಂಡಿಯೇ ಇರುವುದಿಲ್ಲ ಎಂಬ ರೂಢಿ ಇದ್ದಾಗ ಮಾತ್ರ ಸದಸ್ಯರು ಸುಳ್ಳನ್ನು ಬೇಗ ಗುರುತಿಸುತ್ತಾರೆ.

ಪತ್ರ ಹೋದ ಮೇಲೆ ಪ್ರತಿ ಶಾಖೆಯಲ್ಲೂ ಒಂದು ನೋಟುಪುಸ್ತಕ ಇಟ್ಟು, ಸದಸ್ಯರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಡಬೇಕು. ಒಂದೇ ಪ್ರಶ್ನೆ ಎರಡು ಮೂರು ಶಾಖೆಗಳಲ್ಲಿ ಮತ್ತೆ ಮತ್ತೆ ಕಂಡರೆ ಅದಕ್ಕೆ ಉತ್ತರವನ್ನು ದೊಡ್ಡ ಅಕ್ಷರದಲ್ಲಿ ಸೂಚನಾ ಫಲಕಕ್ಕೆ ಹಾಕಿಸಬೇಕು. ಎರಡನೆಯ ಪತ್ರ ಬರೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಇಟ್ಟ ಠೇವಣಿಗಳ ರಸೀದಿಗಳು ಹಳೆಯ ಲಾಂಛನದೊಂದಿಗೆ ಅಷ್ಟು ಕಾಲವೂ ಸದಸ್ಯರ ಪೆಟ್ಟಿಗೆಯಲ್ಲಿ ಇರುತ್ತವೆ. ಅವು ಹೊರಬರುವ ಹೊತ್ತಿಗೆ ಕೌಂಟರಿನಲ್ಲಿ ಹಳೆಯ ಲಾಂಛನವನ್ನು ಕಂಡೇ ಇರದ ಗುಮಾಸ್ತರು ಕೂತಿರಬಹುದು. ಆದ್ದರಿಂದ ಈ ಪತ್ರದ ಒಂದು ಪ್ರತಿ, ಹಳೆಯ ಲಾಂಛನದ ಮಾದರಿ ಮತ್ತು ಹಳೆಯ ಮೊಹರಿನ ಅಚ್ಚು, ಈ ಮೂರನ್ನೂ ಒಂದೇ ಕಡತದಲ್ಲಿ ಪ್ರತಿ ಶಾಖೆಯೂ ಕೊನೆಯ ಹಳೆಯ ರಸೀದಿ ತೀರುವಳಿಯಾಗುವವರೆಗೆ ಕಾಯ್ದಿಡಬೇಕು.